ಲೇಖನದ ದಿನಚರಿ: ಐನ್‌ಸ್ಟೈನ್–ರೋಸೆನ್ ಪ್ರಕರಣದ ಸಾಕ್ಷ್ಯ



ಸಂಶೋಧನ ಲೇಖನವೊಂದು ಪತ್ರಿಕೆಯ ಕಚೇರಿ ಸೇರಿದ ದಿನದಿಂದ ಅಚ್ಚಾಗುವ ದಿನದವರೆಗೆ ಹಲವು ಕೈ ದಾಟುತ್ತದೆ. ಸಂಪಾದಕರು ನೋಡುತ್ತಾರೆ, ಪರಿಶೀಲಕರಿಗೆ ಕಳಿಸುತ್ತಾರೆ, ವರದಿ ಬರುತ್ತದೆ, ಲೇಖಕರು ತಿದ್ದಿ ಮತ್ತೆ ಸಲ್ಲಿಸುತ್ತಾರೆ. ಕೆಲವೊಮ್ಮೆ ಸಿಟ್ಟಾಗಿ ಬೇರೆ ಪತ್ರಿಕೆಗೆ ಒಯ್ಯುತ್ತಾರೆ. ಈ ಒಂದೊಂದು ಹೆಜ್ಜೆಗೂ ತಾರೀಖು ಬರೆದಿಡುವುದು ಗುಮಾಸ್ತರ ಕೆಲಸವೆಂದು ವಿದ್ವಾಂಸರು ಸಾಮಾನ್ಯವಾಗಿ ಬಗೆಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಲೇಖನ ಯಾರ ಮಾತಿನಿಂದ ಸರಿಹೋಯಿತು, ತಡ ಯಾರ ಮೇಜಿನ ಮೇಲೆ ಆಯಿತು, ಲೇಖಕರು ಯಾವಾಗ ಮನಸ್ಸು ಬದಲಿಸಿದರು ಎಂಬ ಪ್ರಶ್ನೆಗಳಿಗೆ ನೆನಪು ಕೊಡುವ ಉತ್ತರವೂ ತಾರೀಖು ಕೊಡುವ ಉತ್ತರವೂ ಅನೇಕ ಸಲ ಬೇರೆಯಾಗಿರುತ್ತವೆ. ಆದರೆ ಬರಿಯ ತಾರೀಖು ಸಾಲದು. ಆಯಾ ದಿನ ಕೈಯಲ್ಲಿದ್ದ ಪಠ್ಯವೂ ಉಳಿದಿರಬೇಕು. ಈ ಎರಡು ಮಾತುಗಳನ್ನು ಒಂದೇ ಪ್ರಕರಣದ ಮೇಲೆ ನಿಲ್ಲಿಸಿ ತೋರಿಸುವುದು ಈ ಉಪನ್ಯಾಸದ ಉದ್ದೇಶ. 1936ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಕಳಿಸಿದ, ಗುರುತ್ವದ ಅಲೆಗಳು ಇವೆಯೇ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿ ಹೊತ್ತಿದ್ದ ಲೇಖನದ ಪ್ರಕರಣ ಅದು.

ಲೇಖನದ ವಿಷಯವನ್ನು ಮೊದಲು ಸ್ಥೂಲವಾಗಿ ತಿಳಿದುಕೊಳ್ಳೋಣ. ಗುರುತ್ವದ ಅಲೆಗಳನ್ನು 1916ರಲ್ಲಿ ಊಹಿಸಿದವರು ಸ್ವತಃ ಐನ್‌ಸ್ಟೈನ್. ಆದರೆ ಆ ಲೆಕ್ಕ ಅಂದಾಜಿನದು. ಇಪ್ಪತ್ತು ವರ್ಷದ ಬಳಿಕ ಅವರೂ ರೋಸೆನ್ನರೂ ಸಮತಲ ಅಲೆಗೆ ಅಂದಾಜಿಲ್ಲದ, ನಿಖರವಾದ ಪರಿಹಾರ ಹುಡುಕಹೊರಟರು. ಸಿಕ್ಕ ಸೂತ್ರ ಕೆಲವೆಡೆ ಅರ್ಥ ಕಳೆದುಕೊಳ್ಳುತ್ತಿತ್ತು. ಇದರಿಂದ ಅಂಥ ಅಲೆಗಳೇ ಇಲ್ಲವೆಂದು ಅವರು ತೀರ್ಮಾನಿಸಿದರು. ತಪ್ಪು ಇದ್ದದ್ದು ಇಲ್ಲಿಯೇ. ಉತ್ತರ ಧ್ರುವದಲ್ಲಿ ರೇಖಾಂಶಕ್ಕೆ ಬೆಲೆ ಇರುವುದಿಲ್ಲ. ಹಾಗೆಂದು ಅಲ್ಲಿ ಭೂಮಿ ಹರಿದಿದೆ ಎಂದಲ್ಲ, ಅಳತೆಯ ಗೆರೆಗಳನ್ನು ನಾವು ಎಳೆದ ರೀತಿ ಅದು. ಐನ್‌ಸ್ಟೈನ್–ರೋಸೆನ್ ಸೂತ್ರದಲ್ಲಿದ್ದ ತೊಡಕೂ ಇದೇ ಜಾತಿಯದು. ಅದನ್ನು ಕೊಳವೆಯಾಕಾರದ ನಿರ್ದೇಶಾಂಕಗಳಲ್ಲಿ ಬರೆದರೆ ತೊಡಕು ನಡುವಿನ ಅಕ್ಷಕ್ಕೆ ಸರಿಯುತ್ತದೆ, ಅಲ್ಲಿ ಅಲೆಯ ಮೂಲವಾದ ದ್ರವ್ಯವಿದೆಯೆಂದು ಇಟ್ಟುಕೊಂಡರೆ ಮುಗಿಯಿತು. ಅಲೆ ಇಲ್ಲವೆಂದು ಸಾಧಿಸಹೊರಟ ಸೂತ್ರ ಅಲೆ ಇದೆಯೆಂದು ಹೇಳತೊಡಗುತ್ತದೆ.

ಇನ್ನು ತಾರೀಖುಗಳು. ‘ಫಿಸಿಕಲ್ ರಿವ್ಯೂ’ ಕಚೇರಿಯಲ್ಲಿ ನಮ್ಮ ಸರ್ಕಾರಿ ಕಚೇರಿಗಳ ಆವಕ–ಜಾವಕ ವಹಿಯಂಥ ಒಂದು ದಾಖಲೆ ಪುಸ್ತಕವಿತ್ತು. ಅದರ ಆಧಾರದ ಮೇಲೆ ಇತಿಹಾಸಕಾರ ಡೇನಿಯಲ್ ಕೆನೆಫಿಕ್ 2005ರಲ್ಲಿ ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ಈ ಪ್ರಕರಣವನ್ನು ಬಿಡಿಸಿಟ್ಟರು. ಲೇಖನ ಕಚೇರಿ ತಲುಪಿದ್ದು 1936ರ ಜೂನ್ 1ರಂದು. ಪರಿಶೀಲಕರಿಗೆ ಹೋದದ್ದು ಜುಲೈ 6ಕ್ಕೆ, ವರದಿಯೊಡನೆ ಮರಳಿದ್ದು ಜುಲೈ 17ಕ್ಕೆ. ಸಂಪಾದಕ ಜಾನ್ ಟೇಟ್ ಆ ವರದಿಯನ್ನು ಐನ್‌ಸ್ಟೈನರಿಗೆ ಕಳಿಸಿ ಪ್ರತಿಕ್ರಿಯೆ ಕೇಳಿದ್ದು ಜುಲೈ 23ರಂದು. ಜುಲೈ 27ಕ್ಕೆ ಐನ್‌ಸ್ಟೈನ್ ಜರ್ಮನ್ ಭಾಷೆಯಲ್ಲಿ ಉತ್ತರ ಬರೆದರು: ಹಸ್ತಪ್ರತಿ ಕಳಿಸಿದ್ದು ಅಚ್ಚಿಗೆ, ಅಚ್ಚಾಗುವ ಮೊದಲು ಅದನ್ನು ತಜ್ಞರಿಗೆ ತೋರಿಸಲು ತಾವು ಅನುಮತಿ ಕೊಟ್ಟಿರಲಿಲ್ಲ, ಹೆಸರಿಲ್ಲದ ತಜ್ಞರ ಮಾತುಗಳು ಹೇಗೂ ತಪ್ಪು, ಅವಕ್ಕೆ ಉತ್ತರಿಸುವ ಕಾರಣ ಕಾಣುವುದಿಲ್ಲ, ಲೇಖನವನ್ನು ಬೇರೆಡೆ ಪ್ರಕಟಿಸುತ್ತೇವೆ. ಜುಲೈ 30ಕ್ಕೆ ಟೇಟ್ ವಿಷಾದ ಸೂಚಿಸಿ, ಸಂಪಾದಕ ಮಂಡಲಿಗೆ ತೋರಿಸಲು ಲೇಖಕರು ಒಪ್ಪದ ಲೇಖನವನ್ನು ತಾವು ಸ್ವೀಕರಿಸಲಾಗದು ಎಂದರು.

ಈ ತಾರೀಖುಗಳ ನಡುವಿನ ಅಂತರವನ್ನು ಲೆಕ್ಕ ಹಾಕಿದರೆ ಕಥೆ ಬೇರೆ ಬಣ್ಣ ತಳೆಯುತ್ತದೆ. ಲೇಖನ ತಲುಪಿದ ದಿನದಿಂದ ವರದಿ ಐನ್‌ಸ್ಟೈನರತ್ತ ಹೊರಟ ದಿನಕ್ಕೆ 52 ದಿನ. ಇದರಲ್ಲಿ ಪರಿಶೀಲಕರು ತೆಗೆದುಕೊಂಡದ್ದು, ಅಂಚೆಯ ಸಮಯವೂ ಸೇರಿ, 11 ದಿನ ಮಾತ್ರ. ಆ ಅವಧಿಯಲ್ಲಿ ಅವರು ಸುಮಾರು ಹತ್ತು ಪುಟದ ವರದಿ ಬರೆದರು. ಉಳಿದ 41 ದಿನ ಲೇಖನ ಸಂಪಾದಕರ ಕಚೇರಿಯಲ್ಲಿತ್ತು. ಪರಿಶೀಲನೆ ತಡವಾಯಿತು ಎಂದು ದೂರುವಾಗ ನಾವು ಬೈಯುವುದು ಪರಿಶೀಲಕರನ್ನು. ವಹಿ ಬೇರೆ ಕಡೆ ಬೆರಳು ತೋರಿಸುತ್ತದೆ. ಇನ್ನೊಂದು ಹೋಲಿಕೆ ನೋಡಿ. ಇದೇ ಪತ್ರಿಕೆಗೆ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಮೂವರೂ ಕಳಿಸಿದ ಪ್ರಸಿದ್ಧ ಕ್ವಾಂಟಂ ಲೇಖನ 1935ರ ಮಾರ್ಚ್ 25ಕ್ಕೆ ತಲುಪಿ ಮೇ 15ಕ್ಕೆ ಅಚ್ಚಾಗಿತ್ತು, ಅಂದರೆ 51 ದಿನಕ್ಕೆ. ಐನ್‌ಸ್ಟೈನ್–ರೋಸೆನ್ ಸೇತುವೆಯ ಲೇಖನ ಅದೇ ವರ್ಷ ಮೇ 8ಕ್ಕೆ ತಲುಪಿ ಜುಲೈ 1ಕ್ಕೆ, 54 ದಿನಕ್ಕೆ, ಹೊರಬಂದಿತ್ತು. ಹಿಂದಿನ ಎರಡು ಸಲ ಅಚ್ಚಾದ ಸಂಚಿಕೆ ಬರುತ್ತಿದ್ದ ಹೊತ್ತಿಗೆ ಈ ಸಲ ಹೆಸರಿಲ್ಲದವರ ಹತ್ತು ಪುಟದ ಆಕ್ಷೇಪಣೆ ಬಂತು. ಐನ್‌ಸ್ಟೈನರ ಸಿಟ್ಟನ್ನು ಅಹಂಕಾರವೆಂದು ತಳ್ಳಿಹಾಕುವುದು ಸುಲಭ; ಆದರೆ ಅವರಿಗೆ ಅಭ್ಯಾಸವಾಗಿದ್ದ ಪದ್ಧತಿ ಯಾವುದು, ಅದು ಎಲ್ಲಿ ಮುರಿಯಿತು ಎಂಬುದನ್ನು ಈ ಮೂರು ಸಂಖ್ಯೆಗಳು ಅದಕ್ಕಿಂತ ಚೆನ್ನಾಗಿ ವಿವರಿಸುತ್ತವೆ.

ಮುಂದಿನ ಘಟ್ಟ ಇನ್ನೂ ಮುಖ್ಯ. ಲೇಖನ ‘ಜರ್ನಲ್ ಆಫ್ ದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್’ಗೆ ಹೋಯಿತು. ಪರಿಶೀಲಕರು ತೋರಿಸಿದ್ದ ಸಣ್ಣ ಅಂಕಿ ತಪ್ಪುಗಳನ್ನು ಕೂಡ ತಿದ್ದದೆ ಹೋಯಿತು. ಅಷ್ಟರಲ್ಲಿ ರೋಸೆನ್ ಸೋವಿಯತ್ ಒಕ್ಕೂಟಕ್ಕೆ ತೆರಳಿದ್ದರು. ಶರತ್ಕಾಲದಲ್ಲಿ ಲಿಯೊಪೋಲ್ಡ್ ಇನ್‌ಫೆಲ್ಡ್ ಪ್ರಿನ್ಸ್‌ಟನ್ನಿಗೆ ಬಂದು ಐನ್‌ಸ್ಟೈನರ ಸಹಾಯಕರಾದರು. ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಹವರ್ಡ್ ರಾಬರ್ಟ್‌ಸನ್ ಇನ್‌ಫೆಲ್ಡ್ ಜೊತೆ ಮಾತಾಡುತ್ತ ವಾದದ ತಪ್ಪು ತೋರಿಸಿದರು. ಇನ್‌ಫೆಲ್ಡ್ ಅದನ್ನು ಐನ್‌ಸ್ಟೈನರಿಗೆ ತಿಳಿಸಿದಾಗ, ಹಿಂದಿನ ರಾತ್ರಿಯೇ ತಮಗೂ ತಪ್ಪು ಕಂಡಿತೆಂದು ಅವರು ಹೇಳಿದರಂತೆ. ನವೆಂಬರ್ 13ಕ್ಕೆ ಐನ್‌ಸ್ಟೈನ್ ಹೊಸ ಪತ್ರಿಕೆಯ ಸಂಪಾದಕರಿಗೆ ಲೇಖನದಲ್ಲಿ ದೊಡ್ಡ ಬದಲಾವಣೆಗಳು ಬೇಕಾಗಿವೆ ಎಂದು ಬರೆದರು. ಕರಡಚ್ಚಿನ ಹಂತದಲ್ಲಿ ತೀರ್ಮಾನವೇ ತಲೆಕೆಳಗಾಯಿತು. 1937ರ ಜನವರಿಯಲ್ಲಿ ಹೊಸ ತಲೆಬರಹದಡಿ, ಕೊಳವೆಯಾಕಾರದ ಅಲೆಗಳ ನಿಖರ ಪರಿಹಾರವಾಗಿ ಲೇಖನ ಪ್ರಕಟವಾಯಿತು. ತಪ್ಪನ್ನು ತಿಳಿಯಾಗಿಸಿದ್ದಕ್ಕೆ ರಾಬರ್ಟ್‌ಸನ್ನರಿಗೆ ಅದರಲ್ಲಿ ಕೃತಜ್ಞತೆ ಇದೆ.

ವಹಿಯಲ್ಲಿ ಜುಲೈ 6ರ ಎದುರಿಗೆ ಇದ್ದ ಪರಿಶೀಲಕರ ಹೆಸರು ಇದೇ ರಾಬರ್ಟ್‌ಸನ್. ಐನ್‌ಸ್ಟೈನ್ ಉತ್ತರಿಸಲು ಒಪ್ಪದ ವರದಿಯನ್ನು ಬರೆದವರೂ, ತಿಂಗಳುಗಳ ಬಳಿಕ ಅವರು ಧನ್ಯವಾದ ಹೇಳಿದವರೂ ಒಬ್ಬರೇ. ರಾಬರ್ಟ್‌ಸನ್ 1937ರ ಫೆಬ್ರವರಿಯಲ್ಲಿ ಟೇಟ್‌ಗೆ ಬರೆದ ಪತ್ರದಲ್ಲಿ, ಅಚ್ಚಾದ ಲೇಖನವನ್ನು ನಿಮ್ಮ ಪರಿಶೀಲಕನ ಟೀಕೆಯೊಡನೆ ಹೋಲಿಸಿ ನೋಡಿ ಎಂದು ನಗುತ್ತಲೇ ಸೂಚಿಸಿದರು. ಹೊರಗೆ ಬಾಯಿ ಬಿಡಲಿಲ್ಲ. ಇನ್‌ಫೆಲ್ಡ್ ತಮ್ಮ ಆತ್ಮಕಥೆಯಲ್ಲಿ ಈ ಮಾತುಕತೆಯನ್ನು ವಿಸ್ತಾರವಾಗಿ ಬರೆದರೂ ಎದುರಿಗೆ ಕೂತವರು ಅದೇ ಲೇಖನವನ್ನು ಮೊದಲೇ ಪರಿಶೀಲಿಸಿದ್ದರೆಂಬುದು ಅದರಲ್ಲಿಲ್ಲ. ಕಣ್ಣಾರೆ ಕಂಡವರ ನೆನಪಿನಲ್ಲೂ ಇಲ್ಲದ ಕೊಂಡಿಯನ್ನು ಕೊಟ್ಟದ್ದು ಕಚೇರಿಯ ಒಂದು ಸಾಲು.

ತಾರೀಖು ಬರೆದಿಡಬೇಕೆಂಬ ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಸ್ವೀಕರಿಸಿದ, ಪರಿಷ್ಕರಿಸಿದ, ಅಂಗೀಕರಿಸಿದ ದಿನಗಳನ್ನು ಪತ್ರಿಕೆಗಳೇ ಅಚ್ಚು ಹಾಕುವಾಗ ಲೇಖಕರು ಬೇರೆ ಬರೆದಿಡಬೇಕೇಕೆ ಎಂಬುದು ಮೊದಲನೆಯದು. ಅಚ್ಚಾದ ತಾರೀಖು ಆ ಒಂದು ಪತ್ರಿಕೆಯ ಬಾಗಿಲಿನ ಲೆಕ್ಕ ಮಾತ್ರ. ಫ್ರಾಂಕ್ಲಿನ್ ಪತ್ರಿಕೆಯ ಲೆಕ್ಕದಲ್ಲಿ ಜೂನ್ 1 ಇರಲು ಸಾಧ್ಯವೇ ಇಲ್ಲ. ಇಂದೂ ತಿರಸ್ಕರಿಸಿ, ಹೊಸದಾಗಿ ಸಲ್ಲಿಸಿ ಎಂದು ಸಂಪಾದಕರು ಹೇಳಿದಾಗ ಲೇಖನಕ್ಕೆ ಹೊಸ ಸಂಖ್ಯೆ ಸಿಗುತ್ತದೆ, ಸ್ವೀಕೃತಿಯ ತಾರೀಖೂ ಹೊಸದಾಗುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳು ಅಚ್ಚಿನಿಂದ ಅಳಿಸಿಹೋಗುತ್ತವೆ. ಸಲ್ಲಿಕೆಯ ಜಾಲತಾಣಗಳೂ ಲೇಖಕರಿಗೆ ಸಾಮಾನ್ಯವಾಗಿ ತೋರಿಸುವುದು ಇಂದಿನ ಸ್ಥಿತಿಯನ್ನು: With Editor ಎಂದಿದ್ದದ್ದು Under Review ಆದ ದಿನ ಹಿಂದಿನ ಸಾಲೂ ಅದರ ತಾರೀಖೂ ಪರದೆಯಿಂದ ಮಾಯವಾಗುತ್ತವೆ. 41 ಮತ್ತು 11ರ ನಡುವಿನ ವ್ಯತ್ಯಾಸವನ್ನು ಆಯಾ ದಿನವೇ ಬರೆದಿಟ್ಟುಕೊಂಡವರು ಮಾತ್ರ ಹೇಳಬಲ್ಲರು.

ವಹಿ ಯಾವಾಗ ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ನ್ಯಾಯವಾದದ್ದು. ಜೂನ್ 1ರಿಂದ ಜುಲೈ 6ರವರೆಗಿನ 35 ದಿನ ಟೇಟ್ ಹಿಂಜರಿಯುತ್ತಿದ್ದರೇ, ಕೆಲಸದ ಒತ್ತಡವಿತ್ತೇ, ವಹಿಯಿಂದ ತಿಳಿಯದು. ದಿನಗಳ ಎಣಿಕೆಯಿಂದ ಗುಣವನ್ನೂ ಅಳೆಯಲಾಗದು. 11 ದಿನದ ವರದಿ ಸರಿಯಾಗಿತ್ತು, ಹಾಗೆಂದು ಬೇಗ ಬಂದ ವರದಿಯೆಲ್ಲ ಒಳ್ಳೆಯದಲ್ಲ. ಆದರೆ ಈ ಆಕ್ಷೇಪ ದಾಖಲೆಯನ್ನು ಬಿಡಲು ಕಾರಣವಾಗುವುದಿಲ್ಲ, ಇನ್ನಷ್ಟು ತುಂಬಲು ಕಾರಣವಾಗುತ್ತದೆ. ಈ ಪ್ರಕರಣದ ದೊಡ್ಡ ಕೊರತೆ ತಾರೀಖಿನದಲ್ಲ: ಜೂನ್ 1ಕ್ಕೆ ತಲುಪಿದ ಮೂಲ ಹಸ್ತಪ್ರತಿಯೇ ಇಂದು ಉಳಿದಿಲ್ಲ. ಅದರಲ್ಲಿ ಏನಿತ್ತೆಂಬುದನ್ನು ರಾಬರ್ಟ್‌ಸನ್ನರ ವರದಿ ಮತ್ತು ಆ ಕಾಲದ ಪತ್ರಗಳಿಂದ ಹಿಂದಕ್ಕೆ ಊಹಿಸಬೇಕಾಗಿದೆ. ದಿನಗಳು ಉಳಿದವು, ಆ ದಿನದ ಪಠ್ಯ ಹೋಯಿತು. ಹಾಗಾಗಿ ಯಾವ ತಿದ್ದುಪಡಿ ಐನ್‌ಸ್ಟೈನರದು, ಯಾವುದು ರಾಬರ್ಟ್‌ಸನ್ನರದು ಎಂದು ಸಾಲು ಸಾಲಾಗಿ ತೂಗುವುದು ಇನ್ನು ಸಾಧ್ಯವಿಲ್ಲ.

ಮೂರನೆಯ ಆಕ್ಷೇಪ ಗೌಪ್ಯದ್ದು: ಪರಿಶೀಲಕರ ಹೆಸರು ಬರೆದಿಟ್ಟರೆ ಎಂದಾದರೂ ಬಯಲಾಗದೇ? ಬರೆದಿಡುವುದು ಬೇರೆ, ಬಯಲು ಮಾಡುವುದು ಬೇರೆ. ವಹಿಯ ಸಾಲು ಲೋಕಕ್ಕೆ ತಿಳಿದದ್ದು ಸುಮಾರು ಎಪ್ಪತ್ತು ವರ್ಷದ ಮೇಲೆ. ಐನ್‌ಸ್ಟೈನ್ 1955ರಲ್ಲಿ, ರಾಬರ್ಟ್‌ಸನ್ 1961ರಲ್ಲಿ ತೀರಿಕೊಂಡಿದ್ದರು. ಬದುಕಿದ್ದವರ ನಡುವೆ ಗುಟ್ಟು ಉಳಿಯಿತು, ಇತಿಹಾಸಕ್ಕೆ ಸಾಕ್ಷ್ಯವೂ ಉಳಿಯಿತು. ಲೇಖಕರ ಕಡೆಯ ದಾಖಲೆಗಂತೂ ಪರಿಶೀಲಕರ ಹೆಸರೇ ಬೇಕಿಲ್ಲ.

ಹಾಗಾದರೆ ಲೇಖಕರು ಇಡಬೇಕಾದದ್ದೇನು? ಪ್ರತಿ ಹೆಜ್ಜೆಗೂ ಒಂದು ಸಾಲು ಸಾಕು. ತಾರೀಖು, ಆಗ ಲೇಖನ ಯಾರ ಕೈಯಲ್ಲಿತ್ತು, ಯಾವ ಪ್ರತಿ, ಏನು ಬಂತು, ಅದಕ್ಕೆ ಏನು ಮಾಡಿದೆವು. ಕಳಿಸಿದ ಪ್ರತಿಯನ್ನು ಮುಂದೆ ಮುಟ್ಟದೆ ತಾರೀಖಿನ ಹೆಸರಿನಲ್ಲಿ ಬೇರೆ ಎತ್ತಿಡಬೇಕು. ತಿದ್ದುವುದು ಅದರ ನಕಲಿನ ಮೇಲೆ. ಪತ್ರಿಕೆ ಬದಲಿಸಿದಾಗ ಹೊಸ ಪಟ್ಟಿ ತೆರೆಯದೆ ಹಳೆಯದನ್ನೇ ಮುಂದುವರಿಸಬೇಕು, ಏಕೆಂದರೆ ಮೊದಲ ಪತ್ರಿಕೆಯ ಪರಿಶೀಲಕರ ಮಾತು ಎರಡನೆಯ ಪತ್ರಿಕೆಗೂ ಅನ್ವಯಿಸುತ್ತದೆ. ಒಪ್ಪದ ವರದಿಗೂ ಉತ್ತರದ ಅಂಕಣ ಖಾಲಿ ಬಿಡಬಾರದು. ಜುಲೈ 27ರಂದು ಐನ್‌ಸ್ಟೈನ್ ಆ ಹತ್ತು ಪುಟಗಳಿಗೆ ಅಂಶ ಅಂಶವಾಗಿ ಉತ್ತರ ಬರೆಯಲು ಕೂತಿದ್ದರೆ, ನವೆಂಬರಿನಲ್ಲಿ ಕಂಡ ತಪ್ಪು ಬೇಸಿಗೆಯಲ್ಲೇ ಎದುರಾಗುವ ಸಾಧ್ಯತೆಯಿತ್ತು.

ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಲ್ಲಿ, ಕನ್ನಡದ ಸಂಶೋಧನ ಪತ್ರಿಕೆಗಳ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಸಂಶೋಧಕರು ಈ ಪಟ್ಟಿಯನ್ನು ಮೊದಲ ಲೇಖನದಿಂದಲೇ ಇಡಲಿ. ಪತ್ರಿಕೆಗಳು ಪ್ರತಿ ಲೇಖನದ ಕೊನೆಯಲ್ಲಿ ಬಂದ ದಿನ, ಪರಿಶೀಲನೆಗೆ ಹೋದ ದಿನ, ಪರಿಷ್ಕೃತ ಪ್ರತಿ ಬಂದ ದಿನ, ಒಪ್ಪಿದ ದಿನ ಈ ನಾಲ್ಕನ್ನೂ ಅಚ್ಚು ಹಾಕಲಿ, ಮೂಲ ಪ್ರತಿಗಳನ್ನು ಕಚೇರಿಯಲ್ಲಿ ಉಳಿಸಲಿ. ಇದಕ್ಕೆ ಹಣ ಬೇಡ, ಯಾರ ಅಪ್ಪಣೆಯೂ ಬೇಡ. ಮುಂದಿನ ಸಂಚಿಕೆಯಿಂದಲೇ ಶುರುಮಾಡಬಹುದು.