ನಡುವೆ ಕುಸಿಯುವ ವಾವ್: ಅರಬಿಯ ಪೊಳ್ಳು ಕ್ರಿಯಾಪದಗಳು



ಈ ಮಾಲೆಯಲ್ಲಿ ಇಂದು ಅರಬಿ ವ್ಯಾಕರಣದ ಒಂದೇ ಒಂದು ಮೂಲೆಯನ್ನು ತೆರೆದು ತೋರಿಸುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಯ ಜನಕ್ಕೆ ಅರಬಿ ದೂರದ ಭಾಷೆ ಅನ್ನಿಸಬಹುದು. ಆದರೆ ತಾಲ್ಲೂಕು ಕಚೇರಿಯಲ್ಲಿ 'ಕೆಲಸ ಖಾಯಂ ಆಯ್ತಾ' ಎಂದು ಕೇಳುತ್ತೇವೆ, ಸಾಹೇಬರು ಊರಲ್ಲಿ ಮುಕ್ಕಾಂ ಹೂಡಿದ್ದಾರೆ ಎನ್ನುತ್ತೇವೆ, ಅವನ ಮಾತಿಗೆ ಕಿಮ್ಮತ್ತಿಲ್ಲ ಎನ್ನುತ್ತೇವೆ. ಖಾಯಂ, ಮುಕ್ಕಾಂ, ಕಿಮ್ಮತ್ತು, ಈ ಮೂರೂ ಒಂದೇ ಬೇರಿನ ಮಕ್ಕಳು. ಆ ಬೇರು ಕ-ವ-ಮ, ಅಂದರೆ ನಿಲ್ಲುವುದು. ಹಳೆಯ ಮೈಸೂರಿನ ಕಂದಾಯದ ಲೆಕ್ಕದಲ್ಲಿ 'ಖಾಯಂ ಗುತ್ತ' ಎಂಬ ಹಿಡುವಳಿಯೇ ಇತ್ತು. ಪಾರ್ಸಿ ದರ್ಬಾರಿನ ಭಾಷೆಯಾಗಿದ್ದ ಕಾಲದ ನೆನಪು ಅದು.

ಬೇರಿನಲ್ಲಿ ವ ಇದೆ. ಖಾಯಂನಲ್ಲಿ ವ ಎಲ್ಲಿ? ಮುಕ್ಕಾಂನಲ್ಲಿ? ಕಿಮ್ಮತ್ತಿನಲ್ಲಿ? ಎಲ್ಲೂ ಇಲ್ಲ. ಒಂದು ಕಡೆ ಅದು 'ಆ' ಆಯಿತು, ಇನ್ನೊಂದು ಕಡೆ 'ಈ' ಆಯಿತು, ಮತ್ತೊಂದು ಕಡೆ ಹಮ್ಜಾ ಆಗಿ, ಪಾರ್ಸಿಯವರ ಬಾಯಲ್ಲಿ ಯಕಾರವಾಗಿ ನಮಗೆ ಬಂತು. ಅರಬಿ ಬೇರುಗಳಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳಿರುತ್ತವೆ. ನಡುವಿನದು ವಾವ್ ಅಥವಾ ಯಾ ಆಗಿದ್ದರೆ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ. ಅಂಥ ಕ್ರಿಯಾಪದಕ್ಕೆ ವೈಯಾಕರಣಿಗಳು 'ಅಜ್ವಫ್' ಎಂದು ಹೆಸರಿಟ್ಟರು, ಅಂದರೆ ಒಡಲು ಪೊಳ್ಳಾದದ್ದು. ಮದರಸಾದಲ್ಲಿ ಸರ್ಫ್ ಓದಿದವರು 'ಹಫ್ತ್ ಅಕ್ಸಾಮ್' ಎಂಬ ಏಳು ಬಗೆಗಳಲ್ಲಿ ಇದನ್ನು ಕಂಡಿರುತ್ತಾರೆ.

ಕ-ವ-ಲ ಬೇರನ್ನೇ ತೆಗೆದುಕೊಳ್ಳೋಣ, ಅರ್ಥ ಹೇಳುವುದು. ನಮ್ಮ ಹಳೆಯ ದಾಖಲೆಗಳ 'ಕೌಲು' ಇದರದೇ ನಾಮಪದ. ಅಲ್ಲಿ ವ ಇನ್ನೂ ಕೇಳಿಸುತ್ತದೆ. ಭೂತಕಾಲವನ್ನು ಮದರಸಾದಲ್ಲಿ ಮಾಜಿ ಎನ್ನುತ್ತಾರೆ, 'ಮಾಜಿ ಶಾಸಕ'ರ ಮಾಜಿಯೂ ಅದೇ. ಅದರಲ್ಲಿ 'ಅವನು ಹೇಳಿದ' ಎಂಬುದು ಗಟ್ಟಿ ಬೇರಿನಂತೆ ನಡೆದಿದ್ದರೆ 'ಕವಲ' ಆಗಬೇಕಿತ್ತು. ಸ್ವರವಿರುವ ವಾವ್‌ನ ಹಿಂದೆ ಅಕಾರ ಬಂದರೆ ವಾವ್ ಅಲಿಫ್ ಆಗುತ್ತದೆ, ಆದ್ದರಿಂದ 'ಕಾಲ' ಎಂದಾಯಿತು. ವರ್ತಮಾನಕ್ಕೆ, ಅಂದರೆ ಮುಜಾರಿಗೆ, 'ಯಕ್ವುಲು' ಆಗಬೇಕಿತ್ತು. ವಾವ್ ಮೇಲಿನ ಉಕಾರ ಹಿಂದಿನ ಅಕ್ಷರಕ್ಕೆ ಸರಿದು, ವಾವ್ ದೀರ್ಘವಾಗಿ ಉಳಿದು 'ಯಕೂಲು' ಎಂದಾಯಿತು. ಹೀಗೆ ಕಾರಣ ಹೇಳುವ ಅಭ್ಯಾಸಕ್ಕೆ ತಾಲೀಲ್ ಎನ್ನುತ್ತಾರೆ. ಬಾಯಿಪಾಠಕ್ಕಿಂತ ಇದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಇಷ್ಟರವರೆಗೆ ಸುಲಭ. ತೊಂದರೆ ಶುರುವಾಗುವುದು 'ನಾನು ಹೇಳಿದೆ' ಎಂಬಲ್ಲಿ. 'ಕಾಲ'ಕ್ಕೆ 'ತು' ಸೇರಿಸಿದರೆ 'ಕಾಲ್ತು' ಆಗುತ್ತದೆ. ನಮ್ಮ ಕಿವಿಗೆ ಅದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಏಕೆಂದರೆ ನಾವು ದಿನವಿಡೀ ಮಾಡ್ತೀನಿ, ಹೋಗ್ತಾನೆ, ಕೇಳ್ತಾಳೆ ಎನ್ನುವವರು. ದೀರ್ಘಸ್ವರದ ಮುಂದೆಯೇ ಸ್ವರವಿಲ್ಲದ ವ್ಯಂಜನ ಬಂದರೆ ನಮ್ಮ ನಾಲಿಗೆ ತಡವರಿಸುವುದೇ ಇಲ್ಲ. ಅರಬಿ ಅದನ್ನು ಒಪ್ಪುವುದಿಲ್ಲ. ದೀರ್ಘದ ಮುಂದಿನ ಅಕ್ಷರಕ್ಕೆ ಸುಕೂನ್ ಇದ್ದರೆ ದೀರ್ಘ ಮೊಟಕಾಗಲೇಬೇಕು. ವಾಕ್ಯದ ಕೊನೆಯ ನಿಲುಗಡೆಯಲ್ಲಿ, ಮತ್ತು 'ದಾಲ್ಲೀನ್' ಎಂಬಂತೆ ಮುಂದಿನ ವ್ಯಂಜನ ದ್ವಿತ್ವವಾಗಿದ್ದಾಗ ಮಾತ್ರ ರಿಯಾಯಿತಿ. ಆದ್ದರಿಂದ 'ಕಾಲ್ತು'ವಿನ ಅಲಿಫ್ ಬಿದ್ದುಹೋಗುತ್ತದೆ, ಬೇರಿನಲ್ಲಿ ವ ಇತ್ತು ಎಂದು ಗುರುತಿಗೆ ಮೊದಲ ಅಕ್ಷರಕ್ಕೆ ಉಕಾರ ಕೂಡುತ್ತದೆ: 'ಕುಲ್ತು'. ನಮ್ಮ ಕಡೆಯ ಮಕ್ಕಳು ಇಲ್ಲಿ ಎಡವುವುದಕ್ಕೆ ದಡ್ಡತನ ಕಾರಣವಲ್ಲ. ತಾಯಿನುಡಿ ಅವರಿಗೆ ಎಚ್ಚರಿಕೆ ಕೊಡುವುದಿಲ್ಲ, ಅಷ್ಟೇ. ಇದನ್ನು ಕಲಿಸುವವರು ಮೊದಲೇ ಹೇಳಿಬಿಟ್ಟರೆ ಎಷ್ಟೋ ಬೆತ್ತದ ಪೆಟ್ಟು ತಪ್ಪುತ್ತದೆ.

ಗರ್ದಾನ್ ಒಪ್ಪಿಸುವಾಗ ಒಂದು ಕ್ರಿಯಾಪದಕ್ಕೆ 14 ರೂಪ, ಅಂದರೆ 14 ಸೀಗಾ. ಮಾಜಿಯಲ್ಲಿ ಮೊದಲ 5 ರೂಪಗಳಲ್ಲಿ ದೀರ್ಘ ಉಳಿಯುತ್ತದೆ: ಕಾಲ, ಕಾಲಾ, ಕಾಲೂ, ಕಾಲತ್, ಕಾಲತಾ. 6ನೆಯದು 'ಆ ಹೆಂಗಸರು ಹೇಳಿದರು'. ಅದರ ಪ್ರತ್ಯಯ 'ನ' ವ್ಯಂಜನದಿಂದ ಶುರುವಾಗುತ್ತದೆ, ಹಾಗಾಗಿ 'ಕುಲ್ನ'. ಅಲ್ಲಿಂದ ಕೊನೆಯವರೆಗೆ 9 ರೂಪಗಳೂ ಮೊಟಕೇ. ಮುಜಾರಿಯಲ್ಲಿ ಇದು ತಿರುಗುಮುರುಗು. 12 ರೂಪಗಳಲ್ಲಿ ದೀರ್ಘ ಇದೆ, ಹೆಂಗಸರ ಬಹುವಚನದ ಎರಡರಲ್ಲಿ ಮಾತ್ರ ಮೊಟಕಾಗುತ್ತದೆ: ಯಕುಲ್ನ, ತಕುಲ್ನ. ಕಾರಣ ಎರಡೂ ಕಡೆ ಒಂದೇ. ಇದೇ ಕಾರಣಕ್ಕೆ 'ಹೇಳು' ಎಂಬ ಆಜ್ಞೆ 'ಕೂಲ್' ಆಗದೆ 'ಕುಲ್' ಆಗುತ್ತದೆ, 'ಅವನು ಹೇಳಲಿಲ್ಲ' ಎಂಬುದು 'ಲಮ್ ಯಕುಲ್' ಆಗುತ್ತದೆ. ಖುರಾನಿನ 5 ಸೂರಾಗಳು (72, 109, 112, 113, 114) ಈ 'ಕುಲ್'ನಿಂದಲೇ ಶುರುವಾಗುತ್ತವೆ. ಕೊನೆಯ ನಾಲ್ಕನ್ನು ನಮ್ಮ ಮನೆಗಳ ಮಕ್ಕಳು 'ಚಾರ್ ಕುಲ್' ಎಂದು ಶಾಲೆಗೆ ಸೇರುವ ಮುಂಚೆಯೇ ಕಲಿತಿರುತ್ತಾರೆ. ಅಂದರೆ ಈ ನಿಯಮದ ಉದಾಹರಣೆ ಅವರ ಬಾಯಲ್ಲಿ ಮೊದಲೇ ಕೂತಿದೆ.

ಕನ್ನಡದಲ್ಲೂ ಹೋಗು ಎಂಬುದು ಹೋದ ಎಂದಾಗುವಾಗ, ಆಗು ಎಂಬುದು ಆದ ಎಂದಾಗುವಾಗ ಒಂದು ಅಕ್ಷರ ಕಳಚುತ್ತದಲ್ಲ ಎಂದು ಕೇಳಬಹುದು. ಹೌದು, ಆದರೆ ಸಾಗು ಎಂಬುದು ಸಾಗಿದ ಎಂದೇ ಆಗುತ್ತದೆ, ತೂಗು ಎಂಬುದು ತೂಗಿದ ಎಂದೇ. ನಮ್ಮಲ್ಲಿ ಅದು ಕೆಲವೇ ಕ್ರಿಯಾಪದಗಳ ರೂಢಿ. ಅರಬಿಯಲ್ಲಿ ಅದು ಇಡೀ ಪಂಗಡದ ನಡೆ.

ಯಾ ಇರುವ ಬೇರಿಗೆ ಸ-ಯ-ರ ನೋಡಿ, ಅರ್ಥ ನಡೆಯುವುದು. ಸಾರ, ಯಸೀರು, ಸಿರ್ತು. ವಾವ್‌ಗೆ ಉಕಾರ ಗುರುತಾದಂತೆ ಇಲ್ಲಿ ಯಾಗೆ ಇಕಾರ ಗುರುತು. ಮೂರನೆಯ ಗುಂಪೊಂದಿದೆ, ಜಾಣರೂ ಎಡವುವುದು ಅಲ್ಲೇ. ನಿದ್ರೆಗೆ ನೌಮ್, ಬೇರು ನ-ವ-ಮ. ಹಾಗಾದರೆ 'ಯನೂಮು, ನುಮ್ತು' ಎಂದುಕೊಳ್ಳುವುದು ಸಹಜ. ಸರಿಯಾದದ್ದು ನಾಮ, ಯನಾಮು, ನಿಮ್ತು. ಇದರ ಮೂಲರೂಪ 'ನವಿಮ' ಎಂದು ವೈಯಾಕರಣಿಗಳು ಎಣಿಸುತ್ತಾರೆ. ವಾವ್ ಮೇಲಿದ್ದ ಇಕಾರವೇ ಮೊಟಕು ರೂಪದಲ್ಲಿ ಹಿಂದಿನ ಅಕ್ಷರಕ್ಕೆ ಸರಿದಿದೆ. ಹೆದರುವುದಕ್ಕೆ ಹೇಳುವ ಖಾಫ, ಯಖಾಫು, ಖಿಫ್ತು ಕೂಡ ಇದೇ ದಾರಿಯದು. ಆದ್ದರಿಂದ ಬೇರೊಂದನ್ನೇ ತಿಳಿದರೆ ಸಾಲದು, ಮುಜಾರಿಯ ಸ್ವರವನ್ನೂ ಜೊತೆಯಲ್ಲೇ ಕಲಿಯಬೇಕು. ಹ್ಯಾನ್ಸ್ ವೆಹ್ರ್ ನಿಘಂಟು ತೆರೆದರೆ ಪ್ರತಿ ಕ್ರಿಯಾಪದದ ಪಕ್ಕದಲ್ಲೇ ಆ ಸ್ವರವನ್ನು ಗುರುತಿಸಿರುತ್ತಾರೆ. 'ಕಾಲ' ಹುಡುಕಲು ಅಲಿಫ್ ನೋಡಿ ಉಪಯೋಗವಿಲ್ಲ. ಕ-ವ-ಲ ಎಂದೇ ಹುಡುಕಬೇಕು.

ಹಾಗಿದ್ದರೆ ಅಲಿಫ್ ಮಾತ್ರ ಕಾಣುವ 'ಜಾರ' ಎಂಬ ಪದ ಎದುರಾದಾಗ ನಡುವಿನದು ವಾವೋ ಯಾನೋ ತಿಳಿಯುವುದು ಹೇಗೆ? ಭೇಟಿ ಕೊಟ್ಟ ಎಂದು ಇದರ ಅರ್ಥ. ದರ್ಗಾಕ್ಕೆ ಹೋಗಿಬರುವುದನ್ನು ನಾವೆಲ್ಲ ಜಿಯಾರತ್ ಎನ್ನುತ್ತೇವೆ. ಅದರಲ್ಲಿ ಯ ಎದ್ದು ಕಾಣುತ್ತದೆ. ಅದನ್ನು ನಂಬಿ 'ಯಜೀರು' ಎಂದರೆ ಕೆಟ್ಟಿತು. ಜಿಯಾರತ್‌ನ ಯ ಬೇರಿನದಲ್ಲ. ಹಿಂದೆ ಇಕಾರ ಇದ್ದುದರಿಂದ ವಾವ್ ಅಲ್ಲಿ ಯಾ ಆಗಿ ಬದಲಾಗಿದೆ. ನಮಾಜಿನ ಕಿಯಾಮ್, ರಂಜಾನಿನ ಸಿಯಾಮ್ ಕೂಡ ಹಾಗೆಯೇ, ಎರಡರ ಬೇರಿನಲ್ಲೂ ಇರುವುದು ವಾವ್. ನಿಜವಾದ ಅಕ್ಷರ ಹೊರಬೀಳುವುದು ಅದು ದ್ವಿತ್ವವಾದಾಗ, ಏಕೆಂದರೆ ಇಮ್ಮಡಿಯಾದ ವಾವ್ ಕುಸಿಯುವುದಿಲ್ಲ. ಕ-ವ-ಲ ಬೇರಿನಿಂದ ಕವ್ವಾಲ್ ಬಂದಂತೆ, ಭೇಟಿಗೆ ಬಂದವರಿಗೆ ಅರಬಿಯಲ್ಲಿ 'ಜುವ್ವಾರ್' ಎನ್ನುತ್ತಾರೆ. ಅಲ್ಲಿ ವಾವ್ ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗಾಗಿ ಜಾರ, ಯಜೂರು, ಜುರ್ತು.