ಬೆಟ್ಟದ ಮೇಲೆ ತಂಪು, ಆದ್ರೂ ಚರ್ಮ ಯಾಕೆ ಸುಡುತ್ತೆ?

ಇವತ್ತು ಮಾತಾಡೋದು ವೆದರ್ ಆ್ಯಪ್‌ನಲ್ಲಿ ಟೆಂಪರೇಚರ್ ಕೆಳಗೆ ಸುಮ್ಮನೆ ಕೂತಿರೋ ಒಂದು ನಂಬರ್ ಬಗ್ಗೆ, ಅದೇ ಯುವಿ ಇಂಡೆಕ್ಸ್. ಮುಳ್ಳಯ್ಯನಗಿರಿಗೆ ಹೋಗಿಬಂದವರನ್ನ ಕೇಳಿನೋಡಿ. "ಬಿಸಿಲೇ ಇರಲಿಲ್ಲ ಗುರು, ಫುಲ್ ಮೋಡ, ತಣ್ಣಗೆ ಗಾಳಿ" ಅಂತಾರೆ. ಆದ್ರೆ ರಾತ್ರಿ ಮನೆಗೆ ಬಂದ ಮೇಲೆ ಮೂಗು, ಕಿವಿ, ಕತ್ತಿನ ಹಿಂಭಾಗ ಉರಿಯೋಕೆ ಶುರುವಾಗುತ್ತೆ. ಯಾಕೆ ಹೀಗೆ?

ಮೊದಲನೇ ವಿಷಯ, ಬಿಸಿಲಿನ ಕಾವು ಬೇರೆ, ನೇರಳಾತೀತ ಕಿರಣ ಬೇರೆ. ಕಾವು ನಮಗೆ ತಕ್ಷಣ ಗೊತ್ತಾಗುತ್ತೆ. ನೇರಳಾತೀತ ಕಿರಣ ಮೈಗೆ ಬಿದ್ದರೂ ಗೊತ್ತಾಗಲ್ಲ, ಅದು ಮಾಡಿದ ಹಾನಿ ಕೆಲವು ಗಂಟೆ ಆದ್ಮೇಲೆ ಕಾಣಿಸಿಕೊಳ್ಳುತ್ತೆ. ಚರ್ಮ ಸುಡುವ ಆ ಕಿರಣದ ಬಲವನ್ನ ಅಳೆಯೋದೇ ಯುವಿ ಇಂಡೆಕ್ಸ್. 2ರವರೆಗೆ ಇದ್ರೆ ಚಿಂತೆ ಇಲ್ಲ, 3 ದಾಟಿದರೆ ರಕ್ಷಣೆ ಬೇಕು, 8 ಅಂದ್ರೆ ತುಂಬಾ ಜಾಸ್ತಿ, 11 ದಾಟಿದರೆ ವಿಪರೀತ. ನಮ್ಮ ಕರ್ನಾಟಕದಲ್ಲಿ ಏಪ್ರಿಲ್‌ನ ಶುಭ್ರ ಮಧ್ಯಾಹ್ನ ಇದು 12ರ ಆಸುಪಾಸಿಗೆ ಹೋಗೋದು ಮಾಮೂಲಿ.

ಈಗ ಲೆಕ್ಕಕ್ಕೆ ಬರೋಣ, ಬಿಕಾಂ ಓದಿದ್ದು ಇಲ್ಲಾದ್ರೂ ಉಪಯೋಗಕ್ಕೆ ಬರಲಿ. ಮಂಗಳೂರಿನ ಬೀಚಲ್ಲಿ ಮೋಡ ಇಲ್ಲದ ಮಧ್ಯಾಹ್ನ ಇಂಡೆಕ್ಸ್ 12 ಇದೆ ಅಂದ್ಕೊಳ್ಳಿ. ಎತ್ತರಕ್ಕೆ ಹೋದಂಗೆಲ್ಲ ನಮ್ಮ ತಲೆ ಮೇಲಿನ ಗಾಳಿಯ ಪದರ ತೆಳುವಾಗುತ್ತೆ, ಕಿರಣವನ್ನ ತಡೆಯೋದು ಕಮ್ಮಿಯಾಗುತ್ತೆ. ಪ್ರತಿ 1,000 ಮೀಟರ್‌ಗೆ ಸುಮಾರು ಶೇ 10ರಷ್ಟು ಏರಿಕೆ. ಮುಳ್ಳಯ್ಯನಗಿರಿ ಹೆಚ್ಚುಕಮ್ಮಿ 1,930 ಮೀಟರ್, ಅಂದ್ರೆ ಶೇ 20 ಸೇರಿಸಿ. 12 ಇದ್ದದ್ದು 14 ಚಿಲ್ಲರೆ ಆಯ್ತು.

ಇನ್ನು ಮೋಡದ ಡಿಸ್ಕೌಂಟ್. ಬಿಳಿ ಪರದೆ ಥರ ಇರೋ ತೆಳು ಮೋಡ ಬೆಳಕನ್ನ ಮಂಕು ಮಾಡುತ್ತೆ, ಕಾವನ್ನೂ ಇಳಿಸುತ್ತೆ, ಆದ್ರೆ ನೇರಳಾತೀತ ಕಿರಣದ ಶೇ 90ರಷ್ಟನ್ನ ಒಳಗೆ ಬಿಟ್ಟುಬಿಡುತ್ತೆ. 14 ಚಿಲ್ಲರೆಯಲ್ಲಿ ಶೇ 10 ಕಳೆದ್ರೆ ಉಳಿಯೋದು 13. ಅಂದ್ರೆ ಬೆಟ್ಟದ ಮೇಲೆ ಜಾಕೆಟ್ ಹಾಕ್ಕೊಂಡು ಮೋಡದ ಕೆಳಗೆ ನಿಂತವನಿಗೆ, ಸುಡುಬಿಸಿಲಲ್ಲಿ ಬೀಚಲ್ಲಿ ನಿಂತವನಿಗಿಂತ ಕಮ್ಮಿ ಏನೂ ಬೀಳ್ತಿಲ್ಲ! ಮೋಡ ಅಲ್ಲಲ್ಲಿ ಒಡೆದು ಮಧ್ಯೆ ಸೂರ್ಯ ಕಾಣ್ತಿದ್ರೆ ಇನ್ನೂ ವಿಚಿತ್ರ. ಮೋಡದ ಅಂಚಿಂದ ಚದುರಿದ ಕಿರಣವೂ ಸೇರಿ, ಸ್ವಲ್ಪ ಹೊತ್ತು ಇಂಡೆಕ್ಸ್ ಶುಭ್ರ ಆಕಾಶಕ್ಕಿಂತ ಮೇಲೆ ಹೋಗಬಹುದು. ನಿಜವಾಗಿ ತಡೆಯೋದು ಕಪ್ಪಗೆ ಕವಿದ ದಟ್ಟ ಮಳೆಮೋಡ.

"ಅದೆಲ್ಲ ಬೇಸಿಗೆಗೆ ತಾನೇ?" ಅನ್ನಬಹುದು. ಅಲ್ಲ. ನಮ್ಮ ಭಾಗದಲ್ಲಿ ಸೂರ್ಯ ನಡುನೆತ್ತಿಗೆ ಬರೋದು ವರ್ಷಕ್ಕೆ ಎರಡು ಸಲ, ಒಂದು ಏಪ್ರಿಲ್ ಕೊನೆಯ ಹೊತ್ತಿಗೆ, ಇನ್ನೊಂದು ಆಗಸ್ಟ್ ಮಧ್ಯದಲ್ಲಿ. ಆಗಸ್ಟ್ ಅಂದ್ರೆ ಟ್ರೆಕ್ಕಿಂಗ್ ಸೀಸನ್. ಮಳೆ ಬಿಡುವು ಕೊಟ್ಟು ಮೋಡ ತೆಳುವಾದ ದಿನ ಮೇಲಿರೋದು ಏಪ್ರಿಲ್ ಸೂರ್ಯನೇ.

ಹಾಗಾದ್ರೆ ಮಾಡೋದೇನು? ಗಡಿಯಾರ ನೋಡಿ. ಬೆಳಗ್ಗೆ ಎಂಟೂವರೆ ಒಳಗೆ, ಸಂಜೆ ನಾಲ್ಕೂವರೆ ಮೇಲೆ ಇಂಡೆಕ್ಸ್ ಸಾಮಾನ್ಯವಾಗಿ 3ರ ಒಳಗಿರುತ್ತೆ. ಬೆಳಗ್ಗೆಯೇ ಹತ್ತಿ ಮುಗಿಸಿದ್ರೆ ಅರ್ಧ ಸಮಸ್ಯೆ ಮುಗೀತು. ನಮ್ಮಲ್ಲಿ ಸೂರ್ಯ ಅತಿ ಎತ್ತರದಲ್ಲಿರೋದು ಹನ್ನೆರಡೂವರೆ ಸುಮಾರಿಗೆ. ಹತ್ತರಿಂದ ಮೂರರವರೆಗೆ ನೆರಳಿರೋ ಜಾಗ ಹುಡುಕಿ. ಟೈಮ್ ಗೊತ್ತಿಲ್ವಾ? ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿದ್ರೆ ಕಿರಣ ಜೋರಾಗಿದೆ ಅಂತ ಅರ್ಥ. ಮೋಡದಿಂದ ನೆರಳೇ ಕಾಣ್ತಿಲ್ಲ ಅಂದ್ರೆ ಗಡಿಯಾರವನ್ನೇ ನಂಬಿ.

ಎರಡನೇದು ಬಟ್ಟೆ. ಒತ್ತಾಗಿ ನೇಯ್ದ ಫುಲ್ ತೋಳಿನ ಶರ್ಟ್, ಸುತ್ತ ಅಂಚಿರೋ ಟೋಪಿ. ಕ್ರಿಕೆಟ್ ಕ್ಯಾಪ್ ಹಾಕಿದ್ರೆ ಕಿವಿ, ಕತ್ತು ಎರಡೂ ಹೊರಗೇ ಉಳೀತವೆ, ಸುಡೋದೂ ಅಲ್ಲೇ. ಕಣ್ಣಿಗೆ ಯುವಿ 400 ಅಂತ ಬರೆದಿರೋ ಕನ್ನಡಕ. ಕಪ್ಪು ಚರ್ಮ ಸುಡೋದು ನಿಧಾನ ಅನ್ನೋದು ನಿಜ, ಆದ್ರೆ ಚರ್ಮದ ಬಣ್ಣ ಕಣ್ಣನ್ನ ಕಾಪಾಡಲ್ಲ.

ಬಟ್ಟೆ ಮುಚ್ಚದ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್. ಅದು ಯುವಿ ಎ ಕಿರಣವನ್ನೂ ತಡೆಯುವಂಥದ್ದಾಗಿರಲಿ. ಇಲ್ಲಿ ಆಗೋ ಎಡವಟ್ಟು ಅಳತೆಯದ್ದು. ಬಟಾಣಿ ಕಾಳಿನಷ್ಟು ಹಚ್ಚಿದ್ರೆ ಡಬ್ಬಿ ಮೇಲೆ ಬರೆದ 30 ನಿಮಗೆ ಸಿಗಲ್ಲ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿ, ಅಷ್ಟು ಮುಖ ಮತ್ತು ಕತ್ತಿಗೆ ಬೇಕು. ಹೊರಡೋಕೆ ಕಾಲು ಗಂಟೆ ಮುಂಚೆ ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿಕೊಂಡಿದ್ರೆ ಇನ್ನೂ ಬೇಗ.

ಮುಂದಿನ ಸಲ ಬೆಟ್ಟಕ್ಕೆ ಹೊರಟಾಗ ಆ್ಯಪ್‌ನಲ್ಲಿ ಮಳೆ ಎಷ್ಟು ಪರ್ಸೆಂಟ್ ಅಂತ ನೋಡ್ತೀರಲ್ಲ, ಹಂಗೇ ಕೆಳಗೆ ಸ್ಕ್ರೋಲ್ ಮಾಡಿ ಯುವಿ ನಂಬರ್ ನೋಡಿ. ಅದು ಕೆಳಗಿನ ಊರಿನ ನಂಬರ್ ಆಗಿದ್ರೆ, ಎತ್ತರದ ಪಾಲು ಸೇರಿಸೋದು ಮರೀಬೇಡಿ. ಸಿಗೋಣ.