ಇಪ್ಪತ್ತನೆಯ ರಸೀದಿ ಪುಸ್ತಕ



ಇಲಾಖೆಯಲ್ಲಿ ನಾವು ಅಳತೆ ಪುಸ್ತಕ ಇಡುತ್ತಿದ್ದೆವು. ಪುಟಪುಟಕ್ಕೂ ಅಚ್ಚಾದ ಸಂಖ್ಯೆ. ಒಂದು ಹಾಳೆಯನ್ನೂ ಹರಿಯುವಂತಿರಲಿಲ್ಲ. ಶಾಲೆಯ ಫೀ ರಸೀದಿಗೂ ಅಷ್ಟೇ ಸಾಕು ಎಂದುಕೊಂಡಿದ್ದೆ. ಸಾಲದು ಎಂದು ಒಂದು ಶಾಲೆ ಕಲಿಸಿತು.

ನಿವೃತ್ತಿಯ ಬಳಿಕ ನಮ್ಮ ಕಡೆಯ ಶಾಲೆಯೊಂದರವರು ಲೆಕ್ಕ ನೋಡಲು ಕರೆದರು. ಹೆಸರು ಬೇಡ. 180 ಮಕ್ಕಳು, ತಲಾ 4,000 ರೂಪಾಯಿ, ಬರಬೇಕಾದದ್ದು 7,20,000. ಬಂದದ್ದು 6,46,000. ರಸೀದಿಗಳ ಮೊತ್ತ, ನಗದು ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ ಮೂರೂ ತಾಳೆಯಾದವು. ಉಳಿದ 74,000 ಬಾಕಿ ಎಂದರು.

ಬಾಕಿ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ಕೇಳಿದೆವು. ಆರು ತಾಯಂದಿರು ಪೂರ್ತಿ ಕಟ್ಟಿದ ರಸೀದಿ ತೋರಿಸಿದರು. ಅವರ ಮಕ್ಕಳನ್ನು ಬಾಕಿದಾರರೆಂದು ತರಗತಿಯಲ್ಲಿ ಎದ್ದು ನಿಲ್ಲಿಸಿದ್ದರು! ಆರೂ ರಸೀದಿಗಳ ಸಂಖ್ಯೆ 951ರಿಂದ 1000ರೊಳಗೆ. ಶಾಲೆಯ ದಾಸ್ತಾನು ವಹಿಯಲ್ಲಿ 50 ಹಾಳೆಯ 19 ಪುಸ್ತಕಗಳು, ಅಂದರೆ 950ರವರೆಗೆ ಮಾತ್ರ. ಪ್ರೆಸ್ಸಿನ ಬಿಲ್ಲಿನಲ್ಲಿ ಇದ್ದದ್ದು 20. ಆ ಇಪ್ಪತ್ತನೆಯ ಪುಸ್ತಕದಲ್ಲಿ 24,000 ರೂಪಾಯಿ ಹೋಗಿತ್ತು.

ಕೈಯಲ್ಲಿರುವ ರಸೀದಿಗಳನ್ನು ಎಷ್ಟು ಸಲ ಕೂಡಿಸಿದರೂ ಇಲ್ಲದ ರಸೀದಿ ಸಿಗುವುದಿಲ್ಲ. ಹೊರಗಿನ ಲೆಕ್ಕಕ್ಕೆ ಹೋಲಿಸಬೇಕು: ಒಂದು ಪ್ರೆಸ್ಸಿನ ಬಿಲ್ಲು, ಇನ್ನೊಂದು ಮಕ್ಕಳ ಹಾಜರಿ ಪುಸ್ತಕ.

ಆದ್ದರಿಂದ ಮೂರು ಏರ್ಪಾಡು ಮಾಡಿದೆವು. ಮೊದಲನೆಯದು, ಪ್ರೆಸ್ಸಿನಿಂದ ಬಂದ ಪುಸ್ತಕಗಳನ್ನು ಮುಖ್ಯೋಪಾಧ್ಯಾಯರೇ ಬಿಲ್ಲಿನೊಂದಿಗೆ ಎಣಿಸಿ ವಹಿಯಲ್ಲಿ ಬರೆದು ಬೀಗ ಹಾಕುವುದು. ಗುಮಾಸ್ತರಿಗೆ ಒಂದು ಸಲಕ್ಕೆ ಒಂದೇ ಪುಸ್ತಕ. ಮುಗಿದದ್ದರ ಕಚ್ಚಾ ಪ್ರತಿ ಮರಳಿದ ಮೇಲೆ ಇನ್ನೊಂದು. ಕೆಟ್ಟ ರಸೀದಿಯ ಎರಡೂ ಪ್ರತಿಗಳು ಅದರಲ್ಲೇ ಇರಬೇಕು.

ಎರಡನೆಯದು, ಹಣ ತೆಗೆದುಕೊಳ್ಳುವವರು ಬಾಕಿ ವಹಿ ಬರೆಯಬಾರದು. ಸಂಜೆ ಆ ದಿನದ ಮೊದಲ ಮತ್ತು ಕೊನೆಯ ರಸೀದಿ ಸಂಖ್ಯೆ ಬರೆದು, ನಗದು ಎಣಿಸಿ, ಇಬ್ಬರೂ ಸಹಿ ಹಾಕಬೇಕು. ಹಣ ಪೂರ್ತಿಯಾಗಿ ಬ್ಯಾಂಕಿಗೆ ಹೋಗಬೇಕು. ಸೀಮೆಸುಣ್ಣಕ್ಕೆಂದೂ ಅದರಿಂದ ತೆಗೆಯಬಾರದು. ಜೂನ್ ಮಳೆಯಲ್ಲಿ ಕಿನ್ನರದಂಥ ಊರಿನಿಂದ ದಿನಾ ಕಾರವಾರಕ್ಕೆ ಹೋಗಲಾಗದಿದ್ದರೆ, ಎರಡು ಬೀಗದ ಪೆಟ್ಟಿಗೆ ಇರಲಿ, ಕೀಲಿಗಳು ಇಬ್ಬರ ಬಳಿ ಇರಲಿ.

ಮೂರನೆಯದು, ತಿಂಗಳಿಗೊಮ್ಮೆ ಪ್ರತಿ ಪಾಲಕರಿಗೂ ಚೀಟಿ: ‘ನೀವು ಕಟ್ಟಿದ್ದು ಇಷ್ಟು, ಬಾಕಿ ಇಷ್ಟು, ತಪ್ಪಿದ್ದರೆ ಮುಖ್ಯೋಪಾಧ್ಯಾಯರಿಗೇ ತಿಳಿಸಿ.’ ರಸೀದಿಯನ್ನೇ ಕೊಡದೆ ಹಣ ಪಡೆದಿದ್ದರೆ ಅದನ್ನು ಹಿಡಿಯುವುದು ಇದೊಂದೇ. ಬಾಕಿ ಪಟ್ಟಿಯನ್ನು ಫಲಕದಲ್ಲಿ ಹಾಕಬೇಡಿ. ಬಡವರ ಮಾನ ಹೋಗುತ್ತದೆ.

ಎಣಿಸುವವರೂ ಬರೆಯುವವರೂ ಒಂದಾದರೆ ಮೊದಲೆರಡು ಏರ್ಪಾಡು ನಿಲ್ಲುವುದಿಲ್ಲ. ಆಗ ಉಳಿಯುವುದು ಆ ತಾಯಿಯ ಕೈಯಲ್ಲಿರುವ ಚೀಟಿಯೇ. ಅದನ್ನು ಮಾತ್ರ ತಪ್ಪಿಸಬೇಡಿ.